ಆರು ಸಾಲಿನ ಹರಕೆ

ನನ್ನ ತಂಗಿಯ ಮಗಳ ಮದುವೆಗೆ ಹನ್ನೆರಡು ದಿನ ಉಳಿದಿದ್ದಾಗ ಅಮ್ಮ ನನ್ನನ್ನು ಕರೆದು, ಅಟ್ಟದ ಮೇಲಿದ್ದ ಹಿತ್ತಾಳೆಯ ಕಾಲುದೀಪವನ್ನು ಇಳಿಸಿಕೊಡಲು ಹೇಳಿದರು. ಅದು ಅವರು ಮದುವೆಯಾಗಿ ಬರುವಾಗ ತವರಿನಿಂದ ತಂದ ದೀಪ. ಹುಣಸೆಹಣ್ಣು ಹಚ್ಚಿ ತಿಕ್ಕಿ ಒರೆಸಿದ ಮೇಲೆ, "ಇದು ಮೊಮ್ಮಗಳಿಗೆ. ಸುಮ್ಮನೆ ಕೊಡುವುದು ಬೇಡ, ಜೊತೆಗೆ ನಾಲ್ಕು ಒಳ್ಳೆಯ ಮಾತು ಇರಲಿ. ನೀನು ಪದ್ಯ ಕಲಿಸಿದವನಲ್ಲವೇ, ಬರೆದುಕೊಡು" ಎಂದರು. ಅಮ್ಮನಿಗೆ ಎಂಬತ್ತಾರು. ಕಣ್ಣು ಮಂಜಾಗಿದೆ, ಕೈ ನಡುಗುತ್ತದೆ. ಹರಕೆ ಅವರದು, ಬರವಣಿಗೆ ನನ್ನದು ಎಂದು ಒಪ್ಪಂದವಾಯಿತು.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಛಂದಸ್ಸಿನ ಪಾಠದ ದಿನ ಕಪ್ಪುಹಲಗೆಯ ಮೇಲೆ ಲಘು ಗುರು ಹಾಕಿದ್ದಕ್ಕೆ ಲೆಕ್ಕವಿಲ್ಲ. ಹಾಗಿದ್ದರೂ ಈ ಆರು ಸಾಲಿಗೆ ಒಂಬತ್ತು ದಿನ ಹಿಡಿಯಿತು. ಮನೆಯ ಮದುವೆಗೆ ಹೀಗೆ ಬರೆಯಲು ಕೂರುವವರಿಗೆ ಉಪಯೋಗವಾಗಬಹುದೆಂದು ಆ ಒಂಬತ್ತು ದಿನಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಹೆಸರುಗಳನ್ನು ಬದಲಿಸಿದ್ದೇನೆ. ಲಘು ಗುರುಗಳ ಲೆಕ್ಕ ಕೆಡದಂತೆ ಹುಡುಗಿಗೆ ನಂದಿನಿ, ಹುಡುಗನಿಗೆ ಗಿರೀಶ ಎಂದು ಇಟ್ಟುಕೊಂಡಿದ್ದೇನೆ.

ಮೊದಲು ಅಂಗಡಿಗೆ ಹೋಗಿ ಶುಭಾಶಯ ಪತ್ರ ತಂದೆ. ಪದ್ಯ ಆದ ಮೇಲೆ ಪತ್ರ ಕೊಳ್ಳುವುದು ಸರಿಯಾದ ಕ್ರಮವೆಂದು ತೋರಬಹುದು, ಆದರೆ ಪದ್ಯದ ಅಳತೆಯನ್ನು ನಿರ್ಧರಿಸಿದ್ದು ಆ ಕಾಗದವೇ. ಮಡಚಿದಾಗ ಐದು ಇಂಚು ಅಗಲ, ಏಳು ಇಂಚು ಉದ್ದ. ತೆರೆದರೆ ಎಡಪುಟದಲ್ಲಿ ಅಚ್ಚಾದ ಇಂಗ್ಲಿಷ್ ಶುಭಾಶಯ, ಬಲಪುಟ ಖಾಲಿ. ಸುತ್ತ ಹೊಂಬಣ್ಣದ ಬಳ್ಳಿ ಇದ್ದುದರಿಂದ ಎರಡೂ ಬದಿಗೆ ಒಂದೂವರೆ ಸೆಂಟಿಮೀಟರಿನಷ್ಟು ಬಿಡಲೇಬೇಕು. ಉಳಿಯುವುದು ಒಂಬತ್ತೂವರೆ ಸೆಂಟಿಮೀಟರ್ ಸಾಲು. ನನ್ನ ಕೈಬರಹದಲ್ಲಿ ಒಂದು ಅಕ್ಷರ ಆರು ಮಿಲಿಮೀಟರಿಗಿಂತ ಕಡಿಮೆಯಲ್ಲಿ ಕೂರುವುದಿಲ್ಲ. ಅಮ್ಮ ಓದಬೇಕಾದ್ದರಿಂದ ಇನ್ನೂ ಸಣ್ಣದು ಮಾಡುವಂತೆಯೂ ಇರಲಿಲ್ಲ. ಅಂದರೆ ಒಂದು ಸಾಲಿನಲ್ಲಿ ಪದಗಳ ನಡುವಣ ಜಾಗವೂ ಸೇರಿ ಹದಿನಾಲ್ಕು ಅಕ್ಷರಕ್ಕೆ ಮಾತ್ರ ಸ್ಥಳ.

ಇದನ್ನು ಲೆಕ್ಕ ಹಾಕದೆ ಮೊದಲ ದಿನ ಭಾಮಿನಿ ಷಟ್ಪದಿಯಲ್ಲಿ ಆರಂಭಿಸಿದ್ದೆ. ಕುಮಾರವ್ಯಾಸನ ಭಾರತ ಓದಿ ಓದಿಸಿದ ಕೈಗೆ ಮೂರು ನಾಲ್ಕು, ಮೂರು ನಾಲ್ಕು ಎಂಬ ಆ ನಡೆ ತಾನಾಗಿ ಬರುತ್ತದೆ. "ನಲಿದು ಬಾಳಲಿ ನಮ್ಮ ನಂದಿನಿ" ಎಂಬ ಮೊದಲ ಸಾಲು ಕೂತಲ್ಲಿಯೇ ಬಂತು. ಹದಿನಾಲ್ಕು ಮಾತ್ರೆ, ಹನ್ನೊಂದು ಅಕ್ಷರ. ಮೂರನೆಯ ಸಾಲಿನಲ್ಲಿ ತೊಡಕಾಯಿತು. ಭಾಮಿನಿಯ ಮೂರನೆಯ ಮತ್ತು ಆರನೆಯ ಸಾಲು ಉಳಿದವಕ್ಕಿಂತ ಒಂದೂವರೆ ಪಟ್ಟು ಉದ್ದ, ಮೇಲೊಂದು ಗುರು. "ಒಲುಮೆ ತುಂಬಿದ ಮನೆಯ ಬಾಗಿಲ ಮುಂದೆ ದೀಪವಿದೆ" ಎಂದು ಬರೆದರೆ ಹದಿನೆಂಟು ಅಕ್ಷರ. ಅದು ಪತ್ರದ ಅಗಲಕ್ಕೆ ಹಿಡಿಸದೆ ಎರಡು ಸಾಲಾಗಿ ಒಡೆಯಿತು. ಆರನೆಯದೂ ಒಡೆದರೆ ಎಂಟು ಸಾಲು ಕಾಣುತ್ತದೆ, ಷಟ್ಪದಿಯ ಆಕಾರವೇ ಹೋಗುತ್ತದೆ. ಮೂರನೆಯ ಸಾಲು ಒಮ್ಮೆ ಚಾಚಿಕೊಂಡು, ಮತ್ತೆ ಎರಡು ಗಿಡ್ಡ ಸಾಲು ಬಂದು, ಆರನೆಯದು ಪುನಃ ಚಾಚಿಕೊಳ್ಳುವ ಆ ಆಕಾರ ಕಣ್ಣಿಗೂ ಕಾಣಬೇಕು, ಆಗಲೇ ಓದುವವರ ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ.

ಹಾಗಾಗಿ ಷಟ್ಪದಿಗಳಲ್ಲೇ ಅತಿ ಚಿಕ್ಕದಾದ ಶರಕ್ಕೆ ಬಂದೆ. ಇದರಲ್ಲಿ ನಾಲ್ಕು ಮಾತ್ರೆಯ ಗಣಗಳು. ಒಂದು, ಎರಡು, ನಾಲ್ಕು, ಐದನೆಯ ಸಾಲಿನಲ್ಲಿ ಎರಡೆರಡು ಗಣ, ಅಂದರೆ ಎಂಟು ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಮೂರು ಗಣ, ಕೊನೆಗೊಂದು ಗುರು, ಅಂದರೆ ಹದಿನಾಲ್ಕು ಮಾತ್ರೆ. ಇಡೀ ಪದ್ಯಕ್ಕೆ ಅರವತ್ತು ಮಾತ್ರೆ. ಮಾತ್ರೆ ಎಣಿಸುವುದನ್ನು ಮರೆತವರಿಗೆ ಹೇಳುವುದಾದರೆ, ಹ್ರಸ್ವಾಕ್ಷರಕ್ಕೆ ಒಂದು, ದೀರ್ಘಕ್ಕೆ ಎರಡು. ಹ್ರಸ್ವವೇ ಆದರೂ ಅದಕ್ಕೆ ಸೊನ್ನೆ ಹತ್ತಿದ್ದರೆ ಅಥವಾ ಅದರ ಮುಂದೆ ಒತ್ತಕ್ಷರ ಬಂದರೆ ಎರಡು. ಸಾಲಿನ ಕೊನೆಯಲ್ಲಿ ಗುರು ಇರಬೇಕಾದ ಕಡೆ ಲಘು ಬಂದರೂ ಅದನ್ನು ಎಳೆದು ಗುರುವಾಗಿ ಹಿಡಿಯುತ್ತಾರೆ. ಈ ಕೊನೆಯ ಸೌಲಭ್ಯ ನನಗೆ ಬಹಳ ನೆರವಾಯಿತು, ಅದು ಹೇಗೆಂದು ಮುಂದೆ ಗೊತ್ತಾಗುತ್ತದೆ.

ಷಟ್ಪದಿಗೆ ಆದಿಪ್ರಾಸ ಬೇಕು. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಸ್ವರ ಬೇರೆಯಾದರೆ ಅಡ್ಡಿಯಿಲ್ಲ. ಮೊದಲ ಅಕ್ಷರ ಒಂದು ಸಾಲಿನಲ್ಲಿ ಗುರುವಾದರೆ ಎಲ್ಲದರಲ್ಲೂ ಗುರುವೇ ಆಗಬೇಕು. ಪ್ರಾಸವನ್ನು ಎಲ್ಲಿಂದಲೋ ಹುಡುಕಿ ತರುವ ಬದಲು ಹೆಸರಿನಿಂದಲೇ ತೆಗೆಯಬಹುದೇ ಎಂದು ನೋಡಿದೆ. ನಂದಿನಿ ಎಂಬ ಹೆಸರಿನಲ್ಲಿ ಸೊನ್ನೆಯ ಮುಂದೆ ದಕಾರವಿದೆ. ಸೊನ್ನೆಯಿಂದ ಆದ ಈ ಪ್ರಾಸಕ್ಕೆ ವೃಷಭಪ್ರಾಸ ಎಂದು ಹೆಸರು. ಕನ್ನಡದಲ್ಲಿ ಇಂದು, ಒಂದು, ಬಂದ, ತಂದ, ಹಿಂದೆ, ಮುಂದೆ, ಹೊಂದು, ತಂದೆ, ಕಂದ, ಚಂದ ಎಂದು ದಿನಬಳಕೆಯ ಮಾತುಗಳೇ ರಾಶಿಯಾಗಿ ಸಿಗುವ ಪ್ರಾಸ ಇದು. ಸಂಧ್ಯೆ, ಬಂಧು ಎಂಬ ಪದಗಳ ಕಡೆಗೂ ಮನಸ್ಸು ಹೋಯಿತು, ಆದರೆ ಅವುಗಳಲ್ಲಿರುವುದು ಧಕಾರ. ಕಿವಿಗೆ ಹತ್ತಿರವಿದ್ದರೂ ಅದು ಬೇರೆಯದೇ ವ್ಯಂಜನ, ಬಿಟ್ಟೆ.

ನಂದಿನಿಯ ಹೆಸರು ಎಷ್ಟು ಸುಲಭವಾಯಿತೋ ಗಿರೀಶನದು ಅಷ್ಟೇ ಕಷ್ಟವಾಯಿತು. ಮದುವೆಯ ಪದ್ಯ ಬರೆಯುವ ಎಲ್ಲರಿಗೂ ಎದುರಾಗುವ ತೊಡಕು ಇದು. ಗಿರೀಶ, ಸುರೇಶ, ರಮೇಶ, ಮಹೇಶ, ವಿನೋದ, ಈ ಹೆಸರುಗಳೆಲ್ಲ ಲಘು, ಗುರು, ಲಘು. ಎಣಿಸಿದರೆ ನಾಲ್ಕು ಮಾತ್ರೆ ಸರಿಯಾಗಿಯೇ ಬರುತ್ತದೆ, ಆದರೆ ಇದು ಜಗಣ. ಷಟ್ಪದಿಯಲ್ಲಿ ಗಣದ ಆರಂಭದಲ್ಲೇ ಲಘು ಬಂದು ಅದರ ಬೆನ್ನಿಗೆ ಗುರು ಬರಬಾರದು. ನಿಯಮದ ಮಾತು ಬಿಟ್ಟು ತೊಡೆಯ ಮೇಲೆ ತಾಳ ಹಾಕಿ ನೋಡಿದರೂ ಗೊತ್ತಾಗುತ್ತದೆ. "ನಂದಿನಿ" ಎಂದಾಗ ಪೆಟ್ಟು ಬೀಳುವಲ್ಲಿ "ನಂ" ಎಂಬ ಭಾರದ ಅಕ್ಷರವಿದೆ. "ಗಿರೀಶ" ಎಂದಾಗ ಪೆಟ್ಟು ಬೀಳುವಲ್ಲಿ ಹಗುರವಾದ "ಗಿ" ನಿಂತು, ಭಾರವೆಲ್ಲ ಅದರ ಪಕ್ಕಕ್ಕೆ ಜಾರುತ್ತದೆ. ನಡೆಯುವವನು ಕಲ್ಲು ಎಡವಿದಂತೆ ಆಗುತ್ತದೆ. ಎಷ್ಟೋ ಮನೆಪದ್ಯಗಳಲ್ಲಿ ಮಾತ್ರೆ ಸರಿ ಇದ್ದರೂ ವರನ ಹೆಸರು ಬಂದಲ್ಲಿ ಓದುವವರು ತಡವರಿಸುವುದು ಈ ಕಾರಣಕ್ಕೆ.

ಇದಕ್ಕೆ ಪರಿಹಾರವೆಂದರೆ ಹೆಸರನ್ನು ಎರಡು ಗಣಗಳ ಮೇಲೆ ಹರಡುವುದು. ಹೆಸರಿನ ಹಿಂದೆ ಮೂರು ಮಾತ್ರೆಯ ಒಂದು ಪದ ಇಟ್ಟರೆ "ಗಿ" ಹಿಂದಿನ ಗಣಕ್ಕೆ ಸೇರಿ ಅದನ್ನು ತುಂಬುತ್ತದೆ, ಮುಂದಿನ ಗಣ "ರೀ" ಎಂಬ ಗುರುವಿನಿಂದ ಆರಂಭವಾಗುತ್ತದೆ. "ಇಂದು ಗಿ" ಒಂದು ಗಣ, "ರೀಶನ" ಇನ್ನೊಂದು. ಗಣ ಪದದ ನಡುವೆ ಮುರಿದರೆ ಷಟ್ಪದಿಯಲ್ಲಿ ದೋಷವಿಲ್ಲ, ಓದುವಾಗ ಅದು ತಿಳಿಯುವುದೂ ಇಲ್ಲ. "ಇಂದು" ಎಂಬ ಪದದಲ್ಲಿ ನನಗೆ ಬೇಕಾದ ಪ್ರಾಸವೂ ಇತ್ತು, ಮುಹೂರ್ತದ ದಿನದ ಮಾತೂ ಇತ್ತು. ಆ ರಾತ್ರಿ ನಿಶ್ಚಿಂತೆಯಾಗಿ ಮಲಗಿದೆ.

ಮೂರನೆಯ ದಿನದ ಹೊತ್ತಿಗೆ ಪದ್ಯ ಮುಗಿದಿತ್ತು:

ನಂದಿನಿ, ನಗುತಿರು
ಇಂದು ಗಿರೀಶನ
ಚಂದದ ಮನೆಯಲಿ ದೀಪವು ನೀ;
ಬಂದವರಿಗೆ ಸವಿ
ತಂದಿಡು, ಅತ್ತೆಯು
ಎಂದುದ ಮೀರದೆ ನಡೆಯುತಿರು.

ಮಾತ್ರೆಯಲ್ಲಿ ಒಂದೂ ತಪ್ಪಿಲ್ಲ, ಪ್ರಾಸದಲ್ಲಿ ಲೋಪವಿಲ್ಲ. ತಂಗಿಗೆ ಓದಿ ಹೇಳಿದೆ. ಅವಳು ಮದುವೆಯ ಸೀರೆಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದಳು. ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟು, "ಅಣ್ಣ, ಇನ್ನೊಮ್ಮೆ ಓದು" ಎಂದಳು. ಓದಿದೆ. "ಇದರಲ್ಲಿ ಅವಳು ಮಾಡಬೇಕಾದ ಕೆಲಸ ಇದೆ. ಹರಕೆ ಎಲ್ಲಿದೆ?" ಎಂದಳು.

ನಾನು ಕಾಗದವನ್ನು ಮತ್ತೆ ನೋಡಿದೆ. ನಗುತಿರು, ತಂದಿಡು, ನಡೆಯುತಿರು. ಮೂರು ಕ್ರಿಯಾಪದಗಳಿದ್ದವು, ಮೂರೂ ಆಜ್ಞೆ, ಮೂರೂ ಹುಡುಗಿಗೆ. ಗಿರೀಶನ ಹೆಸರು ಮನೆಯ ಒಡೆಯನೆಂಬ ಅರ್ಥದಲ್ಲಿ ಬಂದು ಹೋಗಿತ್ತು, ಅವನಿಗೆ ಒಂದು ಮಾತೂ ಇರಲಿಲ್ಲ. ನಂದಿನಿ ಆಸ್ಪತ್ರೆಯಲ್ಲಿ ಶುಶ್ರೂಷಕಿ. ವಾರಗಟ್ಟಲೆ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಮನೆಗೆ ಬರುವವಳು. ಅವಳಿಗೆ ಬಂದವರಿಗೆಲ್ಲ ಸವಿ ತಂದಿಡು ಎಂದು ಬರೆದಿದ್ದೆ. ಅದು ನನ್ನ ಮನಸ್ಸಿನ ಮಾತೂ ಅಲ್ಲ. ಹಳೆಯ ಹಸೆ ಹಾಡು, ಬುದ್ಧಿಮಾತಿನ ಪದ ಕೇಳಿ ಕೇಳಿ ಕಿವಿಯಲ್ಲಿ ಉಳಿದಿದ್ದ ಸಾಲುಗಳು ಪ್ರಾಸದ ಬೆನ್ನು ಹತ್ತಿ ಬಂದು ಕೂತಿದ್ದವು. ಪ್ರಾಸಕ್ಕೆ ಪದ ಹುಡುಕುವಾಗ ಮೊದಲು ಕೈಗೆ ಸಿಗುವುದು ಬೇರೆಯವರು ಬಳಸಿ ಸವೆದ ಮಾತು. ಅದನ್ನು ತಡೆದು ನಿಲ್ಲಿಸದಿದ್ದರೆ ಅರ್ಥವನ್ನೂ ಅದೇ ನಿರ್ಧರಿಸಿಬಿಡುತ್ತದೆ.

ಆಮೇಲೆ ಎರಡು ದಿನ ಒಂದಕ್ಷರವನ್ನೂ ಬರೆಯದೆ ಹರಕೆಯ ವ್ಯಾಕರಣವನ್ನೇ ಯೋಚಿಸಿದೆ. ಕನ್ನಡದಲ್ಲಿ ಹಾರೈಕೆಗೆ "ಲಿ" ಇದೆ. ಬೆಳಗಲಿ, ಇರಲಿ, ಆಗಲಿ. ಆದರೆ ಈ "ಲಿ" ಎದುರಿಗಿರುವವರಿಗೆ ಹತ್ತುವುದಿಲ್ಲ. "ಅವಳು ಸುಖವಾಗಿರಲಿ" ಎನ್ನಬಹುದು, "ನೀನು ಸುಖವಾಗಿರಲಿ" ಎನ್ನಲು ಬಾರದು. ನೀನು ಎಂದ ಕೂಡಲೇ ಕ್ರಿಯಾಪದ ಆಜ್ಞೆಯ ರೂಪಕ್ಕೆ ತಿರುಗುತ್ತದೆ. "ನೂರು ಕಾಲ ಬಾಳಿ" ಎಂದು ಹಿರಿಯರು ಅಕ್ಷತೆ ಹಾಕುತ್ತಾರಲ್ಲ, ಅದೂ ರೂಪದಲ್ಲಿ ಆಜ್ಞೆಯೇ. ಅಲ್ಲಿ ನೋವಾಗದಿರುವುದು ಏಕೆಂದರೆ ಬಾಳುವುದು ಯಾರೂ ಎದ್ದು ಹೋಗಿ ಮಾಡಬೇಕಾದ ಕೆಲಸವಲ್ಲ. ಆ ಜಾಗದಲ್ಲಿ ತರುವುದು, ಇಡುವುದು, ನಡೆಯುವುದು ಬಂದರೆ ಹರಕೆ ಹೋಗಿ ಬುದ್ಧಿವಾದ ಉಳಿಯುತ್ತದೆ. "ಲಿ" ಬೇಕೆಂದರೆ ವಾಕ್ಯದ ಕರ್ತೃವನ್ನೇ ಬದಲಿಸಬೇಕು. ನೀನು ಎಂಬುದರ ಬದಲು ನಿನ್ನ ಮನೆ, ನಿನ್ನ ದೀಪ, ನಿನ್ನ ದಾರಿ ಕರ್ತೃವಾಗಬೇಕು. ಆಗ ಹೊರೆ ಮಕ್ಕಳ ತಲೆಯಿಂದ ಇಳಿಯುತ್ತದೆ, ಬಯಸುವವರ ಬಯಕೆ ಮಾತ್ರ ಉಳಿಯುತ್ತದೆ.

ಅಂದಮೇಲೆ ಏನನ್ನು ಬಯಸಬೇಕು? ಆಯಸ್ಸು, ಐಶ್ವರ್ಯ, ಸಂತಾನ, ಇವನ್ನೆಲ್ಲ ಮಂಟಪದಲ್ಲಿ ಪುರೋಹಿತರು ಹೇಳುತ್ತಾರೆ. ಶತಮಾನಂ ಭವತಿ ಎಂಬ ಮಂತ್ರದಲ್ಲಿ ನೂರು ವರ್ಷದ ಆಯುಸ್ಸು ಬಂದೇಬಿಡುತ್ತದೆ. ಪತ್ರದಲ್ಲಿ ಬರೆಯಬೇಕಾದದ್ದು ಪುರೋಹಿತರಿಗೆ ಗೊತ್ತಿಲ್ಲದ ಮಾತು. ಗಿರೀಶ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರ್. ಅವನಿಗೂ ಪಾಳಿಯ ಕೆಲಸ. ಇಬ್ಬರೂ ಒಂದೇ ಹೊತ್ತಿಗೆ ಮನೆ ಸೇರುವ ದಿನಗಳು ಕಡಿಮೆಯೇ. ಒಬ್ಬರು ಬೀಗ ಹಾಕಿ ಹೋದ ಮೇಲೆ ಇನ್ನೊಬ್ಬರು ಬೀಗ ತೆಗೆದು ಬರುವ ಸಂಸಾರ. ಹಾಗೆ ಬೀಗ ತೆಗೆದು ಒಳಗೆ ಬರುವವರಿಗೆ ಕತ್ತಲೆ ಎದುರಾಗಬಾರದು ಎಂಬ ಒಂದೇ ಬಯಕೆ ಸಾಕು ಎನಿಸಿತು. ಕೊಡುತ್ತಿರುವ ಉಡುಗೊರೆಯೂ ದೀಪವೇ ಅಲ್ಲವೇ?

ಎರಡನೆಯ ಕರಡಿನ ಮೊದಲರ್ಧ ಬೇಗ ಬಂತು. "ನಂದಿನಿ, ನಿನಗೂ / ಇಂದು ಗಿರೀಶಗು / ಒಂದೇ ಮನೆಯಿದೆ, ತಂಪಿರಲಿ." ಇಲ್ಲಿ ಮನೆ ಗಿರೀಶನದಲ್ಲ, ಇಬ್ಬರದು. "ತಂಪಿರಲಿ" ಎಂಬ ಮಾತು ನಮ್ಮ ಕಡೆಯ ಮುದುಕಿಯರ ಬಾಯಲ್ಲಿ ಸದಾ ಇರುವುದು. ಹೊಟ್ಟೆ ತಂಪಾಗಿರಲಿ, ಮನೆ ತಂಪಾಗಿರಲಿ ಎನ್ನುತ್ತಾರೆ. ಛಂದಸ್ಸಿಗೂ ಅದು ಅನುಕೂಲ. "ತಂಪಿರ" ನಾಲ್ಕು ಮಾತ್ರೆ, ಉಳಿದ "ಲಿ" ಸಾಲಿನ ಕೊನೆಯಲ್ಲಿ ತಾನಾಗಿ ಗುರುವಾಗುತ್ತದೆ. ಹಾರೈಕೆಯ ಪ್ರತ್ಯಯವೇ ಶರ ಷಟ್ಪದಿಯ ಕೊನೆಯ ಗುರುವಿನ ಜಾಗದಲ್ಲಿ ಬಂದು ನಿಲ್ಲುವುದನ್ನು ಕಂಡು ನನಗಾದ ಸಂತೋಷವನ್ನು ಹೇಗೆ ಹೇಳಲಿ. ದನಿ ಎಳೆಯಲೇಬೇಕಾದ ಸ್ಥಳದಲ್ಲಿ ಹರಕೆಯ ಅಕ್ಷರವೇ ಇದೆ.

ಎರಡನೆಯ ಅರ್ಧ ಹೀಗಿತ್ತು:

ಮುಂದಾಗಿ ಮನೆಗೆ
ಬಂದವರೊಬ್ಬರು
ನಂದದ ದೀಪವ ಹಚ್ಚಿಡಲಿ.

ಇದನ್ನು ಅಮ್ಮನಿಗೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೊನೆಯ ಸಾಲಿಗೆ ಕಣ್ಣು ತೆರೆದು, "ಆ ಮಾತು ಬೇಡಪ್ಪ" ಎಂದರು. ಯಾವ ಮಾತು ಎಂದರೆ ಹೇಳಲಿಲ್ಲ, "ದೀಪದ ಹಿಂದಿನದು" ಎಂದಷ್ಟೇ ಅಂದರು. ನಂದದ ದೀಪ ಎಂದರೆ ಎಂದೂ ಆರದ ದೀಪ, ಅರ್ಥ ಒಳ್ಳೆಯದೇ. ಆದರೆ ಆ ಅರ್ಥ ತಲುಪುವ ಮೊದಲು ಕಿವಿಗೆ ಬೀಳುವುದು ನಂದುವುದು ಎಂಬ ಮಾತು. ಅಮ್ಮ ದೀಪ ಆರಿಸು ಎಂದವರಲ್ಲ, ಶಾಂತ ಮಾಡು ಎನ್ನುವವರು. ಹೊರಡುವಾಗ ಹೋಗುತ್ತೇನೆ ಎಂದರೆ ತಡೆದು, ಹೋಗಿ ಬರುತ್ತೇನೆ ಎನ್ನಿಸುವವರು. ಹರಕೆಯ ಪದ್ಯದಲ್ಲಿ ಬೇಡದ್ದನ್ನು ಇಲ್ಲ ಎಂದು ಹೇಳುವುದೂ ಬೇಡ, ಏಕೆಂದರೆ ಇಲ್ಲ ಎನ್ನಲು ಮೊದಲು ಅದರ ಹೆಸರು ಹಿಡಿಯಬೇಕಾಗುತ್ತದೆ. ಕಣ್ಣೀರು ಬಾರದಿರಲಿ, ಕಷ್ಟ ಕಾಣದಿರಲಿ, ಬೇರೆಯಾಗದಿರಲಿ ಎಂದು ಬರೆದ ಪತ್ರಗಳನ್ನು ನಾನೂ ನೋಡಿದ್ದೇನೆ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಆ ಕಣ್ಣೀರು, ಆ ಕಷ್ಟ. ಅಷ್ಟೇ ಅಲ್ಲ, ಮೊದಲ ಸಾಲಿನಲ್ಲಿ ನಂದಿನಿ ಎಂದು ಮಗುವಿನ ಹೆಸರಿದೆ, ಆರನೆಯ ಸಾಲಿನಲ್ಲಿ ಅದೇ ಜಾಗದಲ್ಲಿ ನಂದದ ಎಂದಿದೆ. ಎರಡೂ ಒಂದರ ಕೆಳಗೊಂದು ಪ್ರಾಸವಾಗಿ ಕೇಳಿದರೆ ಅಜ್ಜಿಯ ಎದೆ ಹಾರದೆ ಇರುತ್ತದೆಯೇ. ಇದೇ ಕಾರಣಕ್ಕೆ ಹಿಂದಿನ ದಿನ "ಸಂದ" ಎಂಬ ಪದವನ್ನೂ ನಾನೇ ಹೊಡೆದುಹಾಕಿದ್ದೆ. ಸಲ್ಲುವುದು ಒಳ್ಳೆಯ ಮಾತು, ಆದರೆ ಸಂದವರು ಎಂದರೆ ಬೇರೆ ಅರ್ಥ.

ಆ ಜಾಗಕ್ಕೆ ಮೊದಲು "ಚಂದದ" ಎಂದು ಹಾಕಿದೆ. ಮಾತ್ರೆ ಸರಿಹೋಯಿತು, ಸಾಲು ಸಪ್ಪೆಯಾಯಿತು. ಪ್ರಾಸ ತುಂಬಲು ಚಂದ, ಅಂದ ಎಂಬ ಪದಗಳು ಯಾವಾಗಲೂ ಸಿದ್ಧವಾಗಿ ನಿಂತಿರುತ್ತವೆ, ಅವು ಏನನ್ನೂ ತೋರಿಸುವುದಿಲ್ಲ. ಆಮೇಲೆ ಅಮ್ಮ ದೀಪವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದುದನ್ನು ನೋಡಿ "ತಂದಿಹ" ಎಂದು ಬರೆದೆ. ಅಜ್ಜಿ ತವರಿನಿಂದ ತಂದದ್ದು, ಈಗ ಮೊಮ್ಮಗಳು ತವರಿನಿಂದ ತರುವುದು, ಎರಡೂ ಆ ಮೂರು ಅಕ್ಷರದಲ್ಲಿ ಬಂತು.

"ಹಚ್ಚಿಡಲಿ" ಇನ್ನೂ ಕಾಡುತ್ತಿತ್ತು. "ಲಿ" ಬಂದಿದ್ದರೂ ಅಲ್ಲಿ ಯಾರೋ ಒಬ್ಬರು ಹಚ್ಚಬೇಕು. ದಣಿದು ಬಂದವರಿಗೆ ಮತ್ತೆ ಒಂದು ಕೆಲಸ ಹೇಳಿದಂತಾಯಿತು. ಕರ್ತೃವನ್ನು ಬದಲಿಸಬೇಕೆಂದು ನಾನೇ ಕಂಡುಕೊಂಡ ನಿಯಮ ಇಲ್ಲಿ ತಪ್ಪಿತ್ತು. ದೀಪವೇ ಕರ್ತೃವಾಗಲಿ ಎಂದು "ದೀಪವು ಬೆಳಗಿರಲಿ" ಎಂದು ತಿದ್ದಿದೆ. ಹಾಗೆ ತಿದ್ದಿದ ಮೇಲೆ ಮೊದಲು ಬಂದವರು, ಆಮೇಲೆ ಬಂದವರು ಎಂಬ ಭೇದವೂ ಬೇಡವಾಯಿತು. ಯಾರು ಯಾವಾಗ ಬಂದರೂ ಬೆಳಕು ಎದುರಿಗಿರಲಿ. "ಮುಂದಾಗಿ ಮನೆಗೆ" ಎಂಬ ಸಾಲನ್ನು ಕಳೆದು "ಹಿಂದೋ ಮುಂದೋ" ಎಂದು ಹಾಕಿದೆ. ನಾಲ್ಕು ಅಕ್ಷರ, ನಾಲ್ಕೂ ಗುರು. ಬೇರೆ ಸಾಲುಗಳೆಲ್ಲ ಬೇಗ ಬೇಗ ಓಡುತ್ತವೆ, ಇದೊಂದು ಮಾತ್ರ ಪಾಳಿ ಮುಗಿಸಿ ಬರುವವರ ಹೆಜ್ಜೆಯಂತೆ ನಿಧಾನವಾಗಿ ಬೀಳುತ್ತದೆ. ಎಂಟನೆಯ ದಿನ ರಾತ್ರಿ ಪದ್ಯ ಹೀಗೆ ನಿಂತಿತು:

ನಂದಿನಿ, ನಿನಗೂ
ಇಂದು ಗಿರೀಶಗು
ಒಂದೇ ಮನೆಯಿದೆ, ತಂಪಿರಲಿ;
ಹಿಂದೋ ಮುಂದೋ
ಬಂದವರೆದುರಲಿ
ತಂದಿಹ ದೀಪವು ಬೆಳಗಿರಲಿ.

ಪರೀಕ್ಷೆಗೆಂದು ತಂಗಿಯ ಕೈಗೆ ಕಾಗದ ಕೊಟ್ಟು, ಮೊದಲೇ ಮನಸ್ಸಿನಲ್ಲಿ ಓದಿಕೊಳ್ಳದೆ ನೇರವಾಗಿ ಗಟ್ಟಿಯಾಗಿ ಓದಲು ಹೇಳಿದೆ. ಬರೆದವನು ಓದಿದರೆ ಎಡವುವ ಕಡೆ ದನಿ ತಾನಾಗಿ ಸರಿದೂಗಿಸಿಬಿಡುತ್ತದೆ, ತಪ್ಪು ಗೊತ್ತಾಗುವುದಿಲ್ಲ. ಅವಳು ಎರಡನೆಯ ಸಾಲನ್ನು "ಇಂದು ಗಿರೀಶನಿಗೂ" ಎಂದು ಓದಿದಳು. ಮಾತಿನ ರೂಢಿ ಅದೇ, ಎರಡು ಮಾತ್ರೆ ಹೆಚ್ಚಾಗಿ ಸಾಲು ಕುಂಟಿತು. ಗಿರೀಶಗೆ, ರಾಮಗೆ ಎಂಬುದು ಕಾವ್ಯದ ಹಳೆಯ ರೂಪ, ಅದರ ಮೇಲೆ "ಊ" ಬಂದು ಗಿರೀಶಗೂ ಆಗಿ, ಮಾತ್ರೆಗಾಗಿ ಕಿರಿದಾಗಿ ಗಿರೀಶಗು ಆಗಿದೆ ಎಂದು ಹೇಳಿದೆ. "ಗಿರೀಶನ ಮನೆಯವರು ಅಕ್ಷರ ಬಿಟ್ಟುಹೋಗಿದೆ ಎಂದುಕೊಂಡರೆ?" ಎಂದಳು. ಅರ್ಧ ಗಂಟೆ ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ. ಎರಡನೆಯ ಸಲ ಓದುವಾಗ ಅವಳೇ ತಡವರಿಸದೆ ಓದಿದ್ದರಿಂದ ಹಾಗೆಯೇ ಬಿಟ್ಟೆ. ಈ ಪದ್ಯದಲ್ಲಿ ನನಗೆ ಈಗಲೂ ಪೂರ್ತಿ ಒಪ್ಪಿಗೆಯಾಗದ ಸ್ಥಳ ಅದೊಂದೇ.

ಒಂಬತ್ತನೆಯ ದಿನ ಬರೆಯಲು ಕೂತೆ. ಪತ್ರದ ಒಳಪುಟ ನುಣುಪು ಕಾಗದ. ಮಸಿ ಹಿಡಿಯುತ್ತದೆಯೋ ಇಲ್ಲವೋ ಎಂದು ಹಿಂಬದಿಯ ಮೂಲೆಯಲ್ಲಿ "ಲಿ" ಎಂದು ಬರೆದು, ಐದು ನಿಮಿಷ ಬಿಟ್ಟು ಬೆರಳಿನಿಂದ ಸವರಿದೆ. ಇಂಕ್ ಪೆನ್ನಿನ ಮಸಿ ಹೀರಿಕೊಳ್ಳದೆ ಗುಂಡಿಯಲ್ಲಿ ಹನಿಯಾಗಿ ನಿಂತಿತ್ತು, ಸವರಿದೊಡನೆ ಹರಡಿತು. ಪತ್ರವನ್ನು ಮಡಚಿದರೆ ಎದುರು ಪುಟಕ್ಕೂ ಅಂಟಿಕೊಳ್ಳುತ್ತಿತ್ತು. ಜೆಲ್ ಪೆನ್ನಿನದೂ ಅದೇ ಪಾಡು. ಬಾಲ್ ಪೆನ್ ಅಂಟುವುದಿಲ್ಲ, ಆದರೆ ಅದರಲ್ಲಿ ಅಕ್ಷರಕ್ಕೆ ದಪ್ಪ ತೆಳುವು ಬರುವುದಿಲ್ಲ. ಕೊನೆಗೆ ಹೊಳಪಿಲ್ಲದ ದಪ್ಪ ಬಿಳಿ ಹಾಳೆಯೊಂದನ್ನು ಬಳ್ಳಿಯ ಒಳಗೆ ಕೂರುವಷ್ಟು ಕತ್ತರಿಸಿ, ಅದರ ಮೇಲೆ ಇಂಕ್ ಪೆನ್ನಿನಲ್ಲಿ ಬರೆದು ಆಮೇಲೆ ಅಂಟಿಸುವುದೆಂದು ನಿರ್ಧರಿಸಿದೆ. ಇದರಲ್ಲಿ ಇನ್ನೊಂದು ಅನುಕೂಲವೆಂದರೆ, ತಪ್ಪಿದರೆ ಇನ್ನೊಂದು ಹಾಳೆ ತೆಗೆದುಕೊಳ್ಳಬಹುದು. ಮೂರು ಹಾಳೆ ಹಿಡಿಯಿತು.

ತೆಳುವಾಗಿ ಪೆನ್ಸಿಲ್ ಗೆರೆ ಹಾಕಿಕೊಂಡೆ, ಸಾಲಿಂದ ಸಾಲಿಗೆ ಹನ್ನೆರಡು ಮಿಲಿಮೀಟರ್. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ಈ ಪದ್ಯದಲ್ಲಿ ಅದೃಷ್ಟಕ್ಕೆ ಒಂದೂ ಒತ್ತಕ್ಷರ ಉಳಿದಿರಲಿಲ್ಲ, "ಹಚ್ಚಿಡಲಿ" ಹೋಗುವಾಗ ಕೊನೆಯದೂ ಹೋಗಿತ್ತು. ಆದರೂ ಅಂತರವನ್ನು ಕಡಿಮೆ ಮಾಡಲಿಲ್ಲ, ಅಮ್ಮನ ಕಣ್ಣಿಗೆ ಬೇಕಿತ್ತು. ಎಲ್ಲ ಸಾಲುಗಳನ್ನೂ ಎಡಕ್ಕೆ ಒಂದೇ ನೇರದಲ್ಲಿ ಆರಂಭಿಸಿದೆ. ನಡುವಿಗೆ ಹೊಂದಿಸಿ ಬರೆದರೆ ನೋಡಲು ಚೆಂದವಾದರೂ ಆದಿಪ್ರಾಸದ ಅಕ್ಷರಗಳು ಒಂದರ ಕೆಳಗೊಂದು ಬರುವುದಿಲ್ಲ. ಎಡಕ್ಕೆ ಕೂರಿಸಿದರೆ ಆರು ಸೊನ್ನೆಗಳು ಮಾಲೆಯ ಮಣಿಗಳಂತೆ ಒಂದೇ ಗೆರೆಯಲ್ಲಿ ಇಳಿಯುತ್ತವೆ. ಅತಿ ಉದ್ದದ ಆರನೆಯ ಸಾಲು ಹನ್ನೊಂದು ಅಕ್ಷರ, ಬಲಕ್ಕೆ ಬೆರಳಗಲ ಜಾಗ ಬಿಟ್ಟು ನಿಂತಿತು.

ಮೇಲೆ "ಚಿ. ಸೌ. ನಂದಿನಿ ಮತ್ತು ಚಿ. ಗಿರೀಶ" ಎಂದು ಬರೆದೆ. ಲಗ್ನಪತ್ರಿಕೆಯಲ್ಲಿ ಹುಡುಗಿಗೆ ಚಿ. ಕುಂ. ಸೌ. ಎಂದಿತ್ತು. ಈ ಪತ್ರ ಕೈಗೆ ಸೇರುವುದು ಮಾಂಗಲ್ಯಧಾರಣೆಯ ನಂತರವಾದ್ದರಿಂದ ಕುಂ. ಬಿಟ್ಟೆ. ಪದ್ಯದಲ್ಲಿ ನಂದಿನಿಯನ್ನು ಮಾತ್ರ ನೇರವಾಗಿ ಕರೆದಿರುವುದರಿಂದ ತಲೆಯ ಮೇಲೆ ಇಬ್ಬರ ಹೆಸರೂ ಇರಲೇಬೇಕಿತ್ತು. ಅರಿಸಿನ ಕುಂಕುಮವನ್ನು ನೀರಿನಲ್ಲಿ ಕಲಸದೆ ಒಣಗಿದ್ದನ್ನೇ ನಾಲ್ಕು ಮೂಲೆಗೆ ಬೆರಳ ತುದಿಯಿಂದ ಒತ್ತಿ, ಉಳಿದದ್ದನ್ನು ಕೊಡವಿದೆ. ಕಲಸಿ ಹಚ್ಚಿದರೆ ಹಾಳೆ ಉಬ್ಬುತ್ತದೆ, ಬಣ್ಣ ಅಕ್ಷರದವರೆಗೆ ಹರಿಯುತ್ತದೆ.

ಕೆಳಗೆ ಮೂರು ಬೆರಳು ಜಾಗ ಬಿಟ್ಟಿದ್ದೆ. ಮಸಿ ಒಣಗಿದ ಮೇಲೆ ಹಾಳೆಯನ್ನು ರಟ್ಟಿನ ಮೇಲಿಟ್ಟು ಅಮ್ಮನ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. "ಹಿಂದೋ ಮುಂದೋ" ಎಂಬಲ್ಲಿ ಒಮ್ಮೆ ನಿಂತು, "ನಿಮ್ಮಪ್ಪ ರಾತ್ರಿ ಬಸ್ಸಿಗೆ ಬರುತ್ತಿದ್ದರಲ್ಲ" ಎಂದರು, ಮುಂದೆ ಓದಿದರು. ಪೆನ್ನನ್ನು ಅವರ ಕೈಗೆ ಕೊಟ್ಟೆ. ಎಷ್ಟು ಬರೆಯಬೇಕು ಎಂದು ಕೇಳಿದರು. ನಿಮಗೆ ಬೇಕಾದಷ್ಟು ಎಂದೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು "ಅಜ್ಜಿ" ಎಂದು ಬರೆದರು. ಗುಡಿಸು ಸ್ವಲ್ಪ ನಡುಗಿತ್ತು, ಜಕಾರದ ಒತ್ತು ಗೆರೆ ದಾಟಿ ಕೆಳಗಿಳಿದಿತ್ತು. ಮಸಿ ಒಣಗುವವರೆಗೆ ಅವರು ಹಾಳೆಯನ್ನು ಕೈಬಿಡಲಿಲ್ಲ.